ಉತ್ತರ 3/2 ಸರಿ, ಆದರೂ ನಾಲ್ಕಕ್ಕೆ ಒಂದೇ ಅಂಕ: ಸ್ಯಾಂಡ್‌ವಿಚ್ ಪ್ರಮೇಯದ ಒಂದು ಲೆಕ್ಕ

ಶಶಿಕಲಾ, ಡೊಂಬಿವಲಿ

ಎಲ್ಲರಿಗೂ ನಮಸ್ಕಾರ. ನಮ್ಮ ಬಳಗದಲ್ಲಿ ಗಣಿತ ಬಲ್ಲವರು ಹಲವರಿದ್ದೀರಿ ಎಂಬ ಧೈರ್ಯದಿಂದ ಕೇಳುತ್ತಿದ್ದೇನೆ. ಮಗ ಹನ್ನೊಂದನೆಯ ತರಗತಿಯಲ್ಲಿದ್ದಾನೆ. ಕಾಲೇಜಿನ ಕಿರುಪರೀಕ್ಷೆಯಲ್ಲಿ ಈ ಲೆಕ್ಕ ಬಂದಿತ್ತು:

x → ∞ ಆದಾಗ (3x + sin x)/(2x − cos x) ಇದರ ಲಿಮಿಟ್ ಎಷ್ಟು? ಸ್ಯಾಂಡ್‌ವಿಚ್ ಪ್ರಮೇಯ ಬಳಸಿ.

ಅವನು ಬರೆದದ್ದು ಇಷ್ಟು. sin x ಮತ್ತು cos x ಎರಡೂ −1 ರಿಂದ 1ರ ಒಳಗೇ ಇರುವುದರಿಂದ,

3x − 1 ≤ 3x + sin x ≤ 3x + 1
2x − 1 ≤ 2x − cos x ≤ 2x + 1

ಮೇಲಿನದನ್ನು ಕೆಳಗಿನದರಿಂದ ಭಾಗಿಸಿ,

(3x − 1)/(2x − 1) ≤ (3x + sin x)/(2x − cos x) ≤ (3x + 1)/(2x + 1)

ಎರಡೂ ತುದಿಗಳು 3/2ಕ್ಕೆ ಹೋಗುತ್ತವೆ, ಆದ್ದರಿಂದ ಉತ್ತರ 3/2. ಪುಸ್ತಕದ ಉತ್ತರವೂ 3/2. ಆದರೆ ಮೇಡಂ ಮೂರನೆಯ ಸಾಲಿಗೆ ಕೆಂಪು ಗೆರೆ ಎಳೆದು ‘ಹೇಗೆ?’ ಎಂದು ಬರೆದು ನಾಲ್ಕಕ್ಕೆ ಒಂದು ಅಂಕ ಕೊಟ್ಟಿದ್ದಾರೆ. ಮಗ ಎರಡು ದಿನದಿಂದ ಮುಖ ಊದಿಸಿಕೊಂಡಿದ್ದಾನೆ. ನಾನು ಓದಿದ್ದು ವಾಣಿಜ್ಯ, ಇದು ನನ್ನ ಅಳವಿಗೆ ಮೀರಿದ್ದು. ಅವನು ಹೇಳುವುದು ಸರಿಯೇ, ಮೇಡಂ ಹೇಳುವುದು ಸರಿಯೇ?

ವಿನಾಯಕ, ಪುಣೆ

ಅಕ್ಕ, ನಾನು ಎಂಜಿನಿಯರಿಂಗ್ ಎರಡನೆಯ ವರ್ಷ. ನನಗೆ ಪುಸ್ತಕದ ಉತ್ತರದ ಮೇಲೆಯೇ ಅನುಮಾನ. ಇದು ∞/∞ ರೂಪ, ಹಾಗಾಗಿ ಲೋಪಿತಾಲ್ ನಿಯಮ ಹಚ್ಚಬಹುದು. ಅಂಶ, ಛೇದ ಎರಡರ ಅವಕಲನ ತೆಗೆದರೆ (3 + cos x)/(2 + sin x) ಬರುತ್ತದೆ. x ಎಂಬುದು 2π, 4π, 6π ಆದಾಗಲೆಲ್ಲ ಇದರ ಬೆಲೆ 4/2 = 2. x ಎಂಬುದು π, 3π, 5π ಆದಾಗ 2/2 = 1. ಎಷ್ಟು ದೂರ ಹೋದರೂ ಇದು ಒಂದು ಕಡೆ ನಿಲ್ಲುವುದಿಲ್ಲ. ಆದ್ದರಿಂದ ಲಿಮಿಟ್ ಇಲ್ಲ ಎನ್ನುವುದೇ ಸರಿ.

ರಾಘಣ್ಣ, ಮುಲುಂಡ್

ಇಷ್ಟು ಸಣ್ಣ ಲೆಕ್ಕಕ್ಕೆ ಇಷ್ಟೊಂದು ರಂಪವೇ? ಮೇಲೆ ಕೆಳಗೆ x ನಿಂದ ಭಾಗಿಸಿ. ಅಂಶ 3 + (sin x)/x, ಛೇದ 2 − (cos x)/x. (sin x)/x ಎಂದರೆ 1 ಎಂದು ನಮ್ಮ ಕಾಲದಲ್ಲಿ ಬಾಯಿಪಾಠ ಮಾಡಿಸಿದ್ದರು. (cos x)/x ಸೊನ್ನೆ. ಒಟ್ಟು (3 + 1)/2 = 2. ತಂಗಿ, ಮಗನ ಉತ್ತರವೇ ತಪ್ಪು.

ಶಶಿಕಲಾ, ಡೊಂಬಿವಲಿ

ಒಂದು ಲೆಕ್ಕ ಕೇಳಿದ್ದಕ್ಕೆ ಮೂರು ಉತ್ತರ ಬಂದವು. ಮಗ ಈಗ ನಗುತ್ತಿದ್ದಾನೆ, ಅಷ್ಟಾದರೂ ಆಯಿತು.

ಸುಮತಿ, ಮಡಗಾಂವ್

ಶಶಿಕಲಾ ಅವರೇ, ನಿಮ್ಮ ಮಗನಿಗೆ ಕ್ಯಾಲ್ಕುಲೇಟರ್ ಕೂಡ ಬೇಡ, ಒಂದು ಚೀಟಿ ಕೊಡಿ. ಅವನದೇ ಮೂರನೆಯ ಸಾಲಿನಲ್ಲಿ x = 10 ಹಾಕಿ ಎರಡು ತುದಿಗಳನ್ನು ಮಾತ್ರ ಲೆಕ್ಕ ಹಾಕಲಿ. ಎಡತುದಿ 29/19, ಅಂದರೆ ಸುಮಾರು 1.526. ಬಲತುದಿ 31/21, ಸುಮಾರು 1.476. ಎಡಗಡೆ ಇರಬೇಕಾದದ್ದು ಚಿಕ್ಕದು, ಇಲ್ಲಿ ಅದೇ ದೊಡ್ಡದಾಗಿ ಕುಳಿತಿದೆ. ಎರಡರ ನಡುವೆ ಏನನ್ನೂ ಇಡಲು ಜಾಗವೇ ಇಲ್ಲ. x = 10 ಒಂದಕ್ಕೇ ಹೀಗಾದದ್ದಲ್ಲ. (3x − 1)/(2x − 1) ಅನ್ನು ಬಿಡಿಸಿದರೆ 3/2 ಕೂಡಿಸು 1/(2(2x − 1)), ಇದು 3/2ಕ್ಕಿಂತ ಯಾವಾಗಲೂ ಮೇಲೆ. (3x + 1)/(2x + 1) ಅನ್ನು ಬಿಡಿಸಿದರೆ 3/2 ಕಳೆ 1/(2(2x + 1)), ಯಾವಾಗಲೂ ಕೆಳಗೆ. x ಎಷ್ಟೇ ದೊಡ್ಡದಾಗಲಿ, ಆ ಸಾಲು ಎಲ್ಲಿಯೂ ನಿಜವಾಗುವುದಿಲ್ಲ. ಮೇಡಂ ಎಳೆದ ಗೆರೆ ಸರಿಯಾದ ಸಾಲಿನ ಮೇಲೆಯೇ ಇದೆ.

ಎಡವಿದ್ದು ಭಾಗಾಕಾರದಲ್ಲಿ. ಅಸಮಾನತೆಗಳನ್ನು ಎಡಕ್ಕೆ ಎಡ, ಬಲಕ್ಕೆ ಬಲ ಎಂದು ಕೂಡಿಸಬಹುದು, ಆದರೆ ಹಾಗೆ ಭಾಗಿಸಲು ಬರುವುದಿಲ್ಲ. ಒಂದು ಭಿನ್ನರಾಶಿ ಅತಿ ಚಿಕ್ಕದಾಗಬೇಕಾದರೆ ಅಂಶ ಚಿಕ್ಕದಿದ್ದು ಛೇದ ದೊಡ್ಡದಿರಬೇಕು. ಅತಿ ದೊಡ್ಡದಾಗಬೇಕಾದರೆ ಇದರ ತಿರುವುಮುರುವು. ಅಂದರೆ ಓರೆಯಾಗಿ ಜೋಡಿಸಬೇಕು:

(3x − 1)/(2x + 1) ≤ (3x + sin x)/(2x − cos x) ≤ (3x + 1)/(2x − 1)

ಇದರ ಪಕ್ಕದಲ್ಲಿ ‘x > 1/2 ಆದಾಗ’ ಎಂದು ಬರೆಯಲೇಬೇಕು. 2x − 1 ಧನವಾಗಿದ್ದರೆ ಮಾತ್ರ ಛೇದವನ್ನು ಹೀಗೆ ಬದಲಾಯಿಸಬಹುದು. 3x − 1 ಕೂಡ ಧನವಾಗಿರಬೇಕು, ಏಕೆಂದರೆ ಅಂಶ ಋಣವಾಗಿದ್ದರೆ ಛೇದ ದೊಡ್ಡದಾದಷ್ಟೂ ಬೆಲೆ ಇಳಿಯುವ ಬದಲು ಏರುತ್ತದೆ. x > 1/2 ಎಂದರೆ ಎರಡೂ ಷರತ್ತುಗಳು ಒಟ್ಟಿಗೆ ಪೂರೈಸುತ್ತವೆ. ನಾವು ಹೋಗುವುದು ಅನಂತದ ಕಡೆಗಾದ್ದರಿಂದ ಆರಂಭದ ತುಣುಕನ್ನು ಕೈಬಿಟ್ಟರೆ ನಷ್ಟವಿಲ್ಲ.

ಈಗ ಮತ್ತೆ x = 10 ಹಾಕಿ ನೋಡಲಿ. ತುದಿಗಳು 29/21 ≈ 1.381 ಮತ್ತು 31/19 ≈ 1.632. ನಡುವಿನ ನಿಜವಾದ ಬೆಲೆ, ಕೋನವನ್ನು ರೇಡಿಯನ್‌ನಲ್ಲಿ ತೆಗೆದುಕೊಂಡರೆ, ಸುಮಾರು 1.413. ಒಳಗೇ ಇದೆ. x = 100 ಆದಾಗ ತುದಿಗಳು 1.488 ಮತ್ತು 1.513, ನಡುವಿನದು 1.504. ಪಟ್ಟಿ ಕಿರಿದಾಗುತ್ತಿರುವುದು ಕಣ್ಣಿಗೇ ಕಾಣುತ್ತದೆ.

ರಾಘಣ್ಣನವರಿಗೆ ಒಂದು ಮಾತು: x ನಿಂದ ಭಾಗಿಸಿದ್ದು ಒಳ್ಳೆಯ ದಾರಿಯೇ. ಆದರೆ (sin x)/x ಒಂದಕ್ಕೆ ಹೋಗುವುದು x ಸೊನ್ನೆಯ ಕಡೆ ಹೋದಾಗ. ಇಲ್ಲಿ x ಹೋಗುತ್ತಿರುವುದು ಅನಂತದ ಕಡೆ. sin 100 ಅನ್ನು 100ರಿಂದ ಭಾಗಿಸಿ ನೋಡಿ, ಸುಮಾರು −0.005 ಬರುತ್ತದೆ.

ರಾಘಣ್ಣ, ಮುಲುಂಡ್

ಹಾಗಾದರೆ ಸೂತ್ರದ ಕೆಳಗೆ ‘x → 0’ ಎಂದು ಸಣ್ಣ ಅಕ್ಷರದಲ್ಲಿ ಬರೆಯುವ ಬದಲು ದೊಡ್ಡದಾಗಿ ಬರೆಯಬೇಕಿತ್ತು. ಇರಲಿ, ಭಾಗಿಸುವ ದಾರಿ ನನ್ನದೇ ಎಂದು ದಾಖಲಾಗಲಿ.

ಶಶಿಕಲಾ, ಡೊಂಬಿವಲಿ

ಸುಮತಿ ಮೇಡಂ, ಬಹಳ ಉಪಕಾರ. ಮಗ ಚೀಟಿಯಲ್ಲಿ ಲೆಕ್ಕ ಹಾಕಿ ಸುಮ್ಮನಾದ. ಆದರೆ ಅರ್ಧ ಗಂಟೆಯ ನಂತರ ಹೊಸ ವಾದ ಹೂಡಿದ್ದಾನೆ: ‘ಸಾಲು ತಪ್ಪಿರಬಹುದು, ಉತ್ತರ ಸರಿಯಾಗಿಯೇ ಬಂತಲ್ಲ. ಓರೆಯಾಗಿ ಭಾಗಿಸಿದರೂ 3/2, ನೇರವಾಗಿ ಭಾಗಿಸಿದರೂ 3/2. ಮೂರು ಅಂಕ ಕತ್ತರಿಸುವಂಥದ್ದೇನಿದೆ?’ ಇದಕ್ಕೆ ಏನು ಹೇಳಲಿ?

ಸುಮತಿ, ಮಡಗಾಂವ್

ಅವನ ಅದೇ ವಿಧಾನದಲ್ಲಿ ಈ ಲೆಕ್ಕ ಮಾಡಲು ಹೇಳಿ: x → ∞ ಆದಾಗ (2 + sin x)/(2 + cos x).

ಅಂಶ 1 ಮತ್ತು 3ರ ನಡುವೆ ಇದೆ, ಛೇದವೂ 1 ಮತ್ತು 3ರ ನಡುವೆ. ನೇರವಾಗಿ ಭಾಗಿಸಿದರೆ 1/1 ≤ ಬೆಲೆ ≤ 3/3. ಎರಡೂ ತುದಿ 1, ಲಿಮಿಟ್ 1 ಎಂದು ಖುಷಿಯಿಂದ ಗೆರೆ ಎಳೆದುಬಿಡುತ್ತಾನೆ. ಇನ್ನೂ ಹೇಳಬೇಕೆಂದರೆ, ಅವನ ವಿಧಾನದ ಪ್ರಕಾರ ಆ ಬೆಲೆ ಸದಾ 1 ಆಗಿಯೇ ಇರಬೇಕು. ಆದರೆ x = 0, 2π, 4π ಹಾಕಿದರೆ 2/3 ಬರುತ್ತದೆ. x = π, 3π ಹಾಕಿದರೆ 2 ಬರುತ್ತದೆ. ಲಿಮಿಟ್ ಇಲ್ಲವೇ ಇಲ್ಲ. ಓರೆಯಾಗಿ ಭಾಗಿಸಿದ್ದರೆ 1/3 ಮತ್ತು 3 ಎಂಬ ಅಗಲವಾದ ಪಟ್ಟಿ ಸಿಗುತ್ತಿತ್ತು, ಇಲ್ಲಿ ಈ ಪ್ರಮೇಯದಿಂದ ಏನೂ ಗಿಟ್ಟುವುದಿಲ್ಲ ಎಂದು ಆಗಲೇ ತಿಳಿಯುತ್ತಿತ್ತು.

ವಿನಾಯಕ, ಪುಣೆ

ಮೇಡಂ, ಸಂಖ್ಯೆಗಳನ್ನು ನೋಡಿದರೆ 3/2 ಎಂದು ಒಪ್ಪಲೇಬೇಕು. ಆದರೆ ನನ್ನ ಲೆಕ್ಕದಲ್ಲಿ ಯಾವ ಹೆಜ್ಜೆ ತಪ್ಪು? ರೂಪ ∞/∞ ಹೌದು. ಅವಕಲನಗಳು ಸರಿ. ಛೇದದ ಅವಕಲನ 2 + sin x ಎಂದೂ ಸೊನ್ನೆಯಾಗುವುದಿಲ್ಲ. ಎಲ್ಲ ಷರತ್ತುಗಳೂ ಇವೆಯಲ್ಲ?

ಸುಮತಿ, ಮಡಗಾಂವ್

ಒಂದು ಷರತ್ತು ಉಳಿಯಿತು. ಅವಕಲನಗಳ ಭಾಗಲಬ್ಧಕ್ಕೆ ಲಿಮಿಟ್ ಇದ್ದರೆ ಮೂಲ ಭಾಗಲಬ್ಧಕ್ಕೂ ಅದೇ ಲಿಮಿಟ್, ನಿಯಮ ಹೇಳುವುದು ಇಷ್ಟೇ. ಅಲ್ಲಿ ಲಿಮಿಟ್ ಇಲ್ಲದಿದ್ದರೆ ಇಲ್ಲಿಯೂ ಇಲ್ಲ ಎಂದು ಅದು ಹೇಳಿಯೇ ಇಲ್ಲ. ಅಂಥ ಕಡೆ ನಿಯಮವನ್ನು ಬದಿಗಿಟ್ಟು ಬೇರೆ ದಾರಿ ಹುಡುಕಬೇಕು, ಅಷ್ಟೇ.

ಬಸವರಾಜ, ಭೋಸರಿ

ನಾನು ಗಣಿತದವನಲ್ಲ, ಕಾರ್ಖಾನೆಯಲ್ಲಿ ಉಪಕರಣ ವಿಭಾಗ ನೋಡಿಕೊಳ್ಳುವವನು. ಆದರೆ ವಿನಾಯಕನ ಗೊಂದಲ ನನ್ನ ಮೀಟರ್‌ನಲ್ಲಿ ದಿನವೂ ಕಾಣುವುದರಿಂದ ಬರೆಯುತ್ತಿದ್ದೇನೆ.

ನಮ್ಮಲ್ಲಿ ರಾಸಾಯನಿಕವನ್ನು ಅಳತೆಯಲ್ಲಿ ಬಿಡುವ ಪಿಸ್ಟನ್ ಪಂಪ್ ಇದೆ. ಪಿಸ್ಟನ್ ಹಿಂದೆ ಮುಂದೆ ಆಡುವುದರಿಂದ ಹರಿವು ಒಂದೇ ಸಮ ಇರುವುದಿಲ್ಲ. ಫ್ಲೋ ಮೀಟರ್‌ನ ಪರದೆಯಲ್ಲಿ ಎರಡು ಅಂಕಿ ಇರುತ್ತವೆ. ಒಂದು ಆ ಕ್ಷಣದ ಹರಿವು, ಅದು ಏರುತ್ತ ಇಳಿಯುತ್ತ ಇರುತ್ತದೆ, ಪಂಪ್ ನಿಲ್ಲಿಸುವ ತನಕ ಆ ಕುಣಿತ ನಿಲ್ಲುವುದಿಲ್ಲ. ಇನ್ನೊಂದು ಶುರುವಿನಿಂದ ಹರಿದ ಒಟ್ಟು ಲೀಟರ್. ಆ ಒಟ್ಟನ್ನು ಕಳೆದ ಸಮಯದಿಂದ ಭಾಗಿಸಿದರೆ ಬರುವ ಸರಾಸರಿ ಮೊದಲ ಕೆಲವು ಬಡಿತಗಳಲ್ಲಿ ಅತ್ತಿತ್ತ ಆಡಿ, ನಂತರ ಒಂದು ಅಂಕಿಗೆ ಅಂಟಿಕೊಳ್ಳುತ್ತದೆ. ಹೊಸದಾಗಿ ಬಂದ ಹುಡುಗರು ಕ್ಷಣದ ಅಂಕಿ ನೋಡಿ ಮೀಟರ್ ಕೆಟ್ಟಿದೆ ಎಂದು ದೂರು ಬರೆಯುತ್ತಾರೆ.

ಈ ಲೆಕ್ಕದಲ್ಲಿ 3 + cos x ಎಂಬುದು ಕ್ಷಣದ ಹರಿವು. 3x + sin x ಎಂಬುದು ಒಟ್ಟು. ಒಟ್ಟನ್ನು x ನಿಂದ ಭಾಗಿಸಿದರೆ 3 + (sin x)/x, ಅದು 3ರಲ್ಲಿ ನಿಲ್ಲುತ್ತದೆ. ಛೇದವೂ ಹಾಗೆಯೇ ಇನ್ನೊಂದು ಪಂಪ್, ಅದರ ಸರಾಸರಿ 2. ಎರಡು ಪಂಪ್‌ಗಳ ಕ್ಷಣದ ಹರಿವನ್ನು ಒಂದರಿಂದ ಇನ್ನೊಂದನ್ನು ಭಾಗಿಸಿದರೆ ಅಂಕಿ ಎಂದೂ ನಿಲ್ಲುವುದಿಲ್ಲ, ಒಟ್ಟುಗಳನ್ನು ಭಾಗಿಸಿದರೆ 3/2ರಲ್ಲಿ ನಿಲ್ಲುತ್ತದೆ. ಲೋಪಿತಾಲ್ ಯಾರೋ ನನಗೆ ಗೊತ್ತಿಲ್ಲ, ಆದರೆ ವಿನಾಯಕ ನೋಡುತ್ತಿರುವುದು ಕ್ಷಣದ ಅಂಕಿಯನ್ನು.

ವಿನಾಯಕ, ಪುಣೆ

ಬಸವರಾಜ ಅಣ್ಣ, ಇದು ತಲೆಗೆ ಹತ್ತಿತು. ಹಾಗಾದರೆ ಪರೀಕ್ಷೆಯಲ್ಲಿ ಅವಕಲನ ತೆಗೆದ ಮೇಲೂ sin, cos ಒಂಟಿಯಾಗಿ ಉಳಿದರೆ ಅಲ್ಲಿಗೇ ನಿಲ್ಲಿಸಬೇಕು ಎಂದಾಯಿತು.

ಪ್ರಕಾಶ, ಅಂಧೇರಿ

ನಾನು ಸಿಇಟಿ ತರಬೇತಿ ತರಗತಿಗಳಲ್ಲಿ ಪಾಠ ಮಾಡುತ್ತೇನೆ. ಸುಮತಿ ಮೇಡಂ ಹೇಳಿದ್ದರಲ್ಲಿ ತಪ್ಪಿಲ್ಲ, ಆದರೆ ಮಕ್ಕಳಿಗೆ ಓರೆ ಭಾಗಾಕಾರ ಕಲಿಸುವುದೇ ಅಪಾಯ ಎನ್ನುವುದು ನನ್ನ ಅನುಭವ. ಚಿಹ್ನೆ ಒಂದು ಹೋದರೆ ಎಲ್ಲವೂ ಹೋಯಿತು. ನಾನು ಹೇಳಿಕೊಡುವುದು ರಾಘಣ್ಣನವರ ದಾರಿ: ಮೊದಲು x ನಿಂದ ಭಾಗಿಸು, ಆಮೇಲೆ ಆಂದೋಲಿಸುವ ತುಣುಕನ್ನು ಮಾತ್ರ ಹಿಡಿದು ಹಿಂಡು. (sin x)/x ನ ಪರಿಮಾಣ 1/x ಅನ್ನು ಮೀರುವುದಿಲ್ಲ, 1/x ಸೊನ್ನೆಗೆ ಹೋಗುತ್ತದೆ, ಆದ್ದರಿಂದ ಅದೂ ಸೊನ್ನೆಗೆ. (cos x)/x ಕೂಡ ಹಾಗೆಯೇ. ಉಳಿದದ್ದು 3/2. ಅಂಶಕ್ಕೆ ಛೇದ ಓರೆಯೇ ನೇರವೇ ಎಂಬ ಪ್ರಶ್ನೆಯೇ ಬರುವುದಿಲ್ಲ. ಪರಿಮಾಣದ ಚಿಹ್ನೆ, ಅಂದರೆ |sin x|/|x| ≤ 1/|x| ಎಂದು ಬರೆದರೆ x ಋಣವಾಗಿದ್ದರೂ ಅಸಮಾನತೆ ತಿರುಗಿಬೀಳುವ ಭಯವಿಲ್ಲ. x → −∞ ಲೆಕ್ಕಕ್ಕೂ ಅದೇ ಎರಡು ಸಾಲು ಸಾಕು.

ಇನ್ನು ಸಿಇಟಿಯಲ್ಲಿ ನಾಲ್ಕು ಆಯ್ಕೆಗಳಿರುತ್ತವೆ, ಹೆಜ್ಜೆ ಯಾರೂ ನೋಡುವುದಿಲ್ಲ. ಅಲ್ಲಿ ಈ ಹುಡುಗನಿಗೆ ಪೂರ್ತಿ ಅಂಕ ಸಿಗುತ್ತಿತ್ತು.

ಸುಮತಿ, ಮಡಗಾಂವ್

ಪ್ರಕಾಶ ಅವರೇ, ಸುರಕ್ಷತೆಯ ವಿಷಯದಲ್ಲಿ ನಿಮ್ಮ ದಾರಿಯೇ ಮೇಲು, ಒಪ್ಪುತ್ತೇನೆ. ಆದರೆ ಓರೆ ಭಾಗಾಕಾರದಿಂದ ಸಿಗುವ ಒಂದು ಲಾಭ ನಿಮ್ಮ ದಾರಿಯಲ್ಲಿ ಕಾಣುವುದಿಲ್ಲ. ಬಲತುದಿಯಿಂದ 3/2 ಕಳೆದರೆ ಉಳಿಯುವುದು 5/(2(2x − 1)). ಎಡತುದಿ 3/2ಕ್ಕಿಂತ 5/(2(2x + 1)) ಕೆಳಗಿದೆ, ಅದು ಇನ್ನೂ ಕಡಿಮೆ. ಅಂದರೆ x = 100ರಲ್ಲಿ ಬೆಲೆ 3/2 ರಿಂದ 5/398 ಕ್ಕಿಂತ, ಸುಮಾರು 0.0126ಕ್ಕಿಂತ, ಹೆಚ್ಚು ದೂರ ಹೋಗಲಾರದು ಎಂದು ಲೆಕ್ಕ ಹಾಕದೆಯೇ ಹೇಳಬಹುದು. ಬಸವರಾಜ ಅವರಂಥವರು ಕೇಳುವುದು ಅದನ್ನೇ ತಾನೇ: ಎಷ್ಟು ಹೊತ್ತು ಕಾದರೆ ಅಂಕಿ ನಂಬಬಹುದು?

ಬಸವರಾಜ, ಭೋಸರಿ

ಹೌದು ಮೇಡಂ, ನಮ್ಮ ಲೆಕ್ಕಪರಿಶೋಧಕರು ಕೇಳುವುದು ಅದೊಂದನ್ನೇ.

ಪ್ರಕಾಶ, ಅಂಧೇರಿ

ಹನ್ನೊಂದನೆಯ ತರಗತಿಗೆ ಅಷ್ಟು ಬೇಕೇ ಎಂಬ ನನ್ನ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಹುಡುಗ ಮೊದಲ ಎರಡು ಅಸಮಾನತೆಗಳನ್ನು ಸರಿಯಾಗಿ ಬರೆದಿದ್ದಾನೆ, ಪ್ರಮೇಯವನ್ನು ಎಲ್ಲಿ ಹಚ್ಚಬೇಕೆಂದು ಅವನಿಗೆ ಗೊತ್ತಿದೆ. ನಾನಾಗಿದ್ದರೆ ಎರಡು ಅಂಕ ಕೊಡುತ್ತಿದ್ದೆ.

ಸುಮತಿ, ಮಡಗಾಂವ್

ನಾನು ಒಂದೂವರೆ. ಎಡತುದಿ ಬಲತುದಿಗಿಂತ ದೊಡ್ಡದಿದ್ದಾಗ ಅದನ್ನು ಒಮ್ಮೆಯೂ ಗಮನಿಸದೆ ಮುಂದೆ ಹೋದದ್ದಕ್ಕೆ ಅರ್ಧ ಅಂಕ ಕಡಿಮೆ.

ಶಶಿಕಲಾ, ಡೊಂಬಿವಲಿ

ಅಂಕದ ವ್ಯಾಪಾರ ಮುಗಿದಿದ್ದರೆ ಮಗನ ಇನ್ನೊಂದು ಪ್ರಶ್ನೆ, ಅವನ ಮಾತಿನಲ್ಲೇ: ‘ನನ್ನ ತಪ್ಪು ವಿಧಾನ ಮೊದಲ ಲೆಕ್ಕದಲ್ಲಿ ಸರಿಯಾದ ಉತ್ತರ ಕೊಟ್ಟದ್ದು ಏಕೆ, ಎರಡನೆಯದರಲ್ಲಿ ಕೈಕೊಟ್ಟದ್ದು ಏಕೆ? ಬರೀ ಅದೃಷ್ಟವೇ?’

ಸುಮತಿ, ಮಡಗಾಂವ್

ಇವನು ಮುಂದೆ ಗಣಿತ ಓದಲಿ. ಅದೃಷ್ಟವಲ್ಲ, ಕಾರಣವಿದೆ. ಸರಿಯಾದ ಎಡತುದಿಯಲ್ಲಿ ಛೇದ 2x + 1, ಅವನ ಎಡತುದಿಯಲ್ಲಿ 2x − 1. ಒಂದರ ಬದಲು ಇನ್ನೊಂದನ್ನು ಹಾಕಿದ್ದರಿಂದ ಆದ ವ್ಯತ್ಯಾಸ (2x + 1)/(2x − 1) ಪಟ್ಟು. x ದೊಡ್ಡದಾದಂತೆ ಇದು 1ಕ್ಕೆ ಹೋಗುತ್ತದೆ, ಆದ್ದರಿಂದ ಲಿಮಿಟ್‌ನಲ್ಲಿ ತಪ್ಪು ಅಳಿಸಿಹೋಯಿತು. ಎರಡನೆಯ ಲೆಕ್ಕದಲ್ಲಿ ಛೇದದ ಮೇಲಿನ ಎಲ್ಲೆ 3, ಕೆಳಗಿನ ಎಲ್ಲೆ 1. ಅಲ್ಲಿ ವ್ಯತ್ಯಾಸ ಮೂರು ಪಟ್ಟು, x ಎಲ್ಲಿಗೆ ಹೋದರೂ ಮೂರು ಪಟ್ಟು. ಅದು ಎಂದೂ ಅಳಿಸುವುದಿಲ್ಲ. 2xನ ಮುಂದೆ cos x ಯಾವ ಲೆಕ್ಕಕ್ಕೂ ಇಲ್ಲ, ಬರೀ 2ರ ಮುಂದೆ ಅದೇ cos x ಭಾರೀ ಆಸಾಮಿ.

ಪ್ರಕಾಶ, ಅಂಧೇರಿ

ಹುಡುಗನಿಗೆ ನನ್ನಿಂದ ಒಂದು: x → ∞ ಆದಾಗ (3x + x sin x)/(2x − cos x). ಓರೆಯಾಗಿಯೇ ಮಾಡಲಿ.

ಶಶಿಕಲಾ, ಡೊಂಬಿವಲಿ

ಬರೆದುಕೊಟ್ಟಿದ್ದಾನೆ, ಹಾಗೆಯೇ ಹಾಕುತ್ತಿದ್ದೇನೆ. ‘ಅಂಶ 2x ಮತ್ತು 4xನ ನಡುವೆ. x > 1/2 ಆದಾಗ 2x/(2x + 1) ≤ ಬೆಲೆ ≤ 4x/(2x − 1). ಎಡತುದಿ 1ಕ್ಕೆ, ಬಲತುದಿ 2ಕ್ಕೆ. ತುದಿಗಳು ಸೇರಲಿಲ್ಲ, ಆದ್ದರಿಂದ ಲಿಮಿಟ್ ಇಲ್ಲ.’

ವಿನಾಯಕ, ಪುಣೆ

ಸರಿಯಾಗಿದೆ ತಮ್ಮ. x > 1/2 ಎಂದೂ ಬರೆದಿದ್ದೀಯ.

ಸುಮತಿ, ಮಡಗಾಂವ್

ಕೊನೆಯ ‘ಆದ್ದರಿಂದ’ ಬಿಟ್ಟು ಉಳಿದದ್ದೆಲ್ಲ ಸರಿ. ತುದಿಗಳು ಸೇರದಿದ್ದರೆ ಲಿಮಿಟ್ ಇಲ್ಲ ಎಂದಲ್ಲ, ನಾವು ಆರಿಸಿದ ತುದಿಗಳು ಸಡಿಲವಾಗಿವೆ ಎಂದೂ ಆಗಬಹುದು. x > 1 ಆದಾಗ (sin x)/x ಎಂಬುದು −1 ಮತ್ತು 1ರ ನಡುವೆ ಇದೆ ಎಂದು ಬರೆದರೆ ಅದೂ ನಿಜವೇ, ತುದಿಗಳು ಸೇರುವುದಿಲ್ಲ, ಆದರೂ ಲಿಮಿಟ್ ಸೊನ್ನೆ ಎಂದು ಇದೇ ಚರ್ಚೆಯಲ್ಲಿ ನೋಡಿದೆವು.

ಲಿಮಿಟ್ ಇಲ್ಲ ಎನ್ನಲು ಬೇರೆ ಸಾಕ್ಷಿ ಬೇಕು: ಅನಂತಕ್ಕೆ ಹೋಗುವ ಎರಡು ದಾರಿಗಳಲ್ಲಿ ಎರಡು ಬೇರೆ ಬೆಲೆ. ಇಲ್ಲಿ ಅದು ಸುಲಭ, ಏಕೆಂದರೆ cos x ಸೊನ್ನೆಯಾಗುವ ಬಿಂದುಗಳಲ್ಲಿ sin x ತನ್ನ ತುದಿಯಲ್ಲಿರುತ್ತದೆ. x = π/2 + 2nπ ಹಾಕಿದರೆ 4x/2x, ಸರಿಯಾಗಿ 2. x = 3π/2 + 2nπ ಹಾಕಿದರೆ 2x/2x, ಸರಿಯಾಗಿ 1. n ಎಷ್ಟೇ ದೊಡ್ಡದಾದರೂ ಹೀಗೆಯೇ. ಈ ಎರಡು ಸಾಲು ಸೇರಿಸಿದ ಮೇಲೆ ‘ಲಿಮಿಟ್ ಇಲ್ಲ’ ಎಂದು ಬರೆಯಲಿ.

ರಾಘಣ್ಣ, ಮುಲುಂಡ್

x ನಿಂದ ಭಾಗಿಸಿದರೆ ಅಂಶದಲ್ಲಿ 3 + sin x ಹಾಗೆಯೇ ಉಳಿಯುತ್ತದೆ, ಅದನ್ನು ಹಿಂಡಲು ಏನೂ ಇಲ್ಲ. ಇದು ಮಾತ್ರ ನನಗೆ ಮೊದಲೇ ಕಂಡಿತ್ತು.